AA ಮತ್ತು BBB ನಡುವೆ ನಿಜಕ್ಕೂ ಎಷ್ಟು ದೂರ? ಕಂಪನಿ ಬಾಂಡ್ ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಕಂಪನಿಗೆ ನಾವು ಬಡ್ಡಿಗೆ ಕೊಡುವ ಸಾಲವೇ ಕಂಪನಿ ಬಾಂಡ್. ಕೆಲವು ವರ್ಷಗಳ ಹಿಂದೆ ಅದು ಮುಂಬೈಯ ದೊಡ್ಡ ಸಂಸ್ಥೆಗಳ ವ್ಯವಹಾರ. ಖಾಸಗಿಯಾಗಿ ಹೊರಡಿಸುವ ಬಾಂಡ್‌ಗಳ ಮುಖಬೆಲೆಯೇ 10 ಲಕ್ಷ ರೂಪಾಯಿ ಇರುತ್ತಿತ್ತು. ಷೇರು, ಬಾಂಡ್ ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಅದನ್ನು ಮೊದಲು 1 ಲಕ್ಷಕ್ಕೆ, 2024ರಲ್ಲಿ ಕೆಲವು ಷರತ್ತುಗಳೊಂದಿಗೆ 10,000 ರೂಪಾಯಿಗೆ ಇಳಿಸಿತು. ಈಗ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಕೂತವರೂ ಚನ್ನಗಿರಿಯಲ್ಲಿ ಅಡಿಕೆ ಮಾರಿ ಬಂದವರೂ ಫೋನಿನಲ್ಲೇ ಬಾಂಡ್ ಕೊಳ್ಳಬಹುದು. ಪರದೆಯ ಮೇಲೆ ಬಡ್ಡಿ ದರ ದಪ್ಪಕ್ಷರದಲ್ಲಿ, ರೇಟಿಂಗ್ ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಕಾಣುತ್ತದೆ. ಆ ಸಣ್ಣಕ್ಷರವನ್ನು ಓದುವುದು ಹೇಗೆ, ಒಂದು ಅಕ್ಷರದಿಂದ ಇನ್ನೊಂದಕ್ಕೆ ಇಳಿದಾಗ ಅಪಾಯ ಎಷ್ಟು ಏರುತ್ತದೆ, ಸಿಗುವ ಹೆಚ್ಚಿನ ಬಡ್ಡಿ ಆ ಅಪಾಯಕ್ಕೆ ಸಾಲುತ್ತದೆಯೇ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಉದಾಹರಣೆಗೆ ನಮ್ಮ ಭಾವನವರ ಲೆಕ್ಕವನ್ನೇ ತೆಗೆದುಕೊಳ್ಳುತ್ತೇನೆ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ವಿದ್ಯಾನಗರದಲ್ಲಿ ಮನೆ. ನಿವೃತ್ತಿಯ ಹಣದಲ್ಲಿ 10 ಲಕ್ಷ ಬಾಂಡ್‌ಗೆ ಎಂದು ತೆಗೆದಿಟ್ಟಿದ್ದರು. ಮೂರು ವರ್ಷದ ಮೂರು ಬಾಂಡ್ ಗುರುತು ಮಾಡಿಕೊಂಡಿದ್ದರು: ಸರ್ಕಾರಿ ಸ್ವಾಮ್ಯದ ಕಂಪನಿಯೊಂದರ AAA ಬಾಂಡ್, ಬಡ್ಡಿ 7.2 ಪರ್ಸೆಂಟ್, ಒಂದು ಹಣಕಾಸು ಕಂಪನಿಯ AA- ಬಾಂಡ್, 9.2 ಪರ್ಸೆಂಟ್, ಸಣ್ಣ ಸಾಲ ಕೊಡುವ ಇನ್ನೊಂದು ಎನ್‌ಬಿಎಫ್‌ಸಿಯ, ಅಂದರೆ ಬ್ಯಾಂಕ್ ಅಲ್ಲದ ಹಣಕಾಸು ಕಂಪನಿಯ BBB ಬಾಂಡ್, 12 ಪರ್ಸೆಂಟ್. "ಮೂರಕ್ಕೂ ರೇಟಿಂಗ್ ಐತಿ, ಮೂರೂ ಸೆಬಿ ಲಿಸ್ಟಿನಾಗ ಅದಾವ. ಹನ್ನೆರಡು ಬಿಟ್ಟು ಏಳು ಯಾಕ ತಗೋಬೇಕು?" ಅಂತ ಅವರ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ ಅದು.

ಮೊದಲು: ಅಕ್ಷರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಕ್ರಿಸಿಲ್, ಇಕ್ರಾ, ಕೇರ್, ಇಂಡಿಯಾ ರೇಟಿಂಗ್ಸ್ ಮುಂತಾದ ಏಜೆನ್ಸಿಗಳು ಸೆಬಿಯಲ್ಲಿ ನೋಂದಾಯಿಸಿಕೊಂಡು ರೇಟಿಂಗ್ ಕೊಡುತ್ತವೆ. ದೀರ್ಘಾವಧಿ ಸಾಲಕ್ಕೆ ಮೆಟ್ಟಿಲುಗಳು AAA, AA, A, BBB, BB, B, C, ಕೊನೆಗೆ D. AAಯಿಂದ Cವರೆಗೆ ಪ್ರತಿ ಮೆಟ್ಟಿಲಿಗೂ ಪ್ಲಸ್, ಮೈನಸ್ ಸೇರಬಹುದು. BBB- ಮತ್ತು ಅದರ ಮೇಲಿನದನ್ನು ಹೂಡಿಕೆಗೆ ಯೋಗ್ಯ ದರ್ಜೆ ಎಂದು ಕರೆಯುವುದು ವಾಡಿಕೆ.

ಈ ಅಕ್ಷರ ಹೇಳುವುದು ಒಂದೇ ಸಂಗತಿ: ಬಡ್ಡಿ ಮತ್ತು ಅಸಲು ಹೇಳಿದ ದಿನಕ್ಕೆ, ಹೇಳಿದಷ್ಟು ಬರುವ ಸಂಭವ ಎಷ್ಟು ಎಂಬ ಏಜೆನ್ಸಿಯ ಅಭಿಪ್ರಾಯ. ಬಾಂಡ್ ವಿಷಯದಲ್ಲಿ ನಮ್ಮ ದೇಶದ ನಿಯಮ ಬಿಗಿಯಾಗಿದೆ. ಒಂದು ದಿನ ತಡವಾದರೂ, ಒಂದು ರೂಪಾಯಿ ಕಡಿಮೆ ಬಂದರೂ ಅದು ಡಿಫಾಲ್ಟ್, ರೇಟಿಂಗ್ D. ಬ್ಯಾಂಕ್ ಸಾಲದ ಹಾಗೆ ತೊಂಬತ್ತು ದಿನ ಕಾಯುವ ಪದ್ಧತಿ ಇಲ್ಲಿಲ್ಲ.

ಡಿಫಾಲ್ಟ್ ಆದಮೇಲೆ ನೂರಕ್ಕೆ ಎಷ್ಟು ವಾಪಸ್ ಬರುತ್ತದೆ ಎಂದು ಈ ಅಕ್ಷರ ಹೇಳುವುದಿಲ್ಲ. ನಡುವೆ ಹಣ ಬೇಕಾದರೆ ಬಾಂಡ್ ಮಾರಲು ಆಗುತ್ತದೆಯೇ ಎಂದೂ ಹೇಳುವುದಿಲ್ಲ. ಕೊಡುತ್ತಿರುವ ಬಡ್ಡಿ ಅಪಾಯಕ್ಕೆ ತಕ್ಕದ್ದೇ ಎಂಬುದಂತೂ ಏಜೆನ್ಸಿಯ ಕೆಲಸವೇ ಅಲ್ಲ, ಅದು ಕೊಳ್ಳುವವರ ಕೆಲಸ. ಭಾವನವರು "ಮೂರಕ್ಕೂ ರೇಟಿಂಗ್ ಐತಿ" ಅಂದದ್ದರಲ್ಲಿ ಈ ಅಂಶ ತಪ್ಪಿಹೋಗಿತ್ತು. Dಗೂ ರೇಟಿಂಗ್ ಇರುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ ಯಾವ ಬಾಂಡ್‌ಗೂ ಇಲ್ಲ, AAA ಆದರೂ ಇಲ್ಲ.

ಎರಡನೆಯದು: ಮೆಟ್ಟಿಲುಗಳ ಎತ್ತರ ಒಂದೇ ಅಲ್ಲ

AAA, AA, A, BBB ಅಂತ ಸಾಲಾಗಿ ಬರೆದಾಗ ಶಾಲೆಯ ಅಂಕದ ಹಾಗೆ ಕಾಣುತ್ತದೆ. ತೊಂಬತ್ತು, ಎಂಬತ್ತು, ಎಪ್ಪತ್ತು ಇದ್ದ ಹಾಗೆ ಒಂದೊಂದು ಮೆಟ್ಟಿಲಿಗೂ ಒಂದೇ ಅಂತರ ಎಂದು ಮನಸ್ಸು ಭಾವಿಸಿಬಿಡುತ್ತದೆ. ಡಿಫಾಲ್ಟ್ ಲೆಕ್ಕ ಹಾಗೆ ಸಾಗುವುದಿಲ್ಲ. ಒಂದೊಂದು ಮೆಟ್ಟಿಲು ಇಳಿದಾಗಲೂ ಅಪಾಯ ಇಷ್ಟಿಷ್ಟೇ ಕೂಡುತ್ತಾ ಹೋಗುವುದಿಲ್ಲ, ಹಲವು ಪಟ್ಟಾಗುತ್ತಾ ಹೋಗುತ್ತದೆ.

ಉದ್ದನೆಯ ದಾಖಲೆ ಇರುವ ಜಾಗತಿಕ ಏಜೆನ್ಸಿಗಳಲ್ಲಿ ಎಸ್ ಆ್ಯಂಡ್ ಪಿ ಒಂದು. 1981ರಿಂದ ಇತ್ತೀಚಿನವರೆಗಿನ ಅದರ ಸರಾಸರಿಯನ್ನು ಹತ್ತು ಸಾವಿರ ಕಂಪನಿಗಳ ಲೆಕ್ಕಕ್ಕೆ ತಂದರೆ ಹೀಗಿದೆ. ವರ್ಷದ ಆರಂಭದಲ್ಲಿ AA ಇದ್ದ ಹತ್ತು ಸಾವಿರದಲ್ಲಿ ಆ ವರ್ಷ ಡಿಫಾಲ್ಟ್ ಆದದ್ದು ಸುಮಾರು 2. A ಇದ್ದವುಗಳಲ್ಲಿ ಸುಮಾರು 5. BBBಯಲ್ಲಿ 15ರ ಆಸುಪಾಸು. BBಯಲ್ಲಿ 60ರ ಆಸುಪಾಸು. Bಯಲ್ಲಿ 300ಕ್ಕೂ ಹೆಚ್ಚು. CCC ಮತ್ತು ಅದಕ್ಕಿಂತ ಕೆಳಗೆ ಇದ್ದವುಗಳಲ್ಲಿ ಎರಡೂವರೆ ಸಾವಿರ ದಾಟುತ್ತದೆ, ಅಂದರೆ ನಾಲ್ಕರಲ್ಲಿ ಒಂದು.

ಈ ಸಾಲನ್ನು ನಿಧಾನವಾಗಿ ನೋಡಿ. AAಯಿಂದ Aಗೆ ಇಳಿದರೆ ಹತ್ತು ಸಾವಿರಕ್ಕೆ ಮೂರು ಕಂಪನಿ ಹೆಚ್ಚು, ಅಷ್ಟೇ. ಅದೇ ಒಂದು ಮೆಟ್ಟಿಲು BBಯಿಂದ Bಗೆ ಇಳಿದರೆ ಇನ್ನೂರೈವತ್ತು ಹೆಚ್ಚು. ಎರಡೂ ಕಡೆ ಇಳಿದದ್ದು ಒಂದೇ ಮೆಟ್ಟಿಲು. ಮೇಲಿನ ಮೆಟ್ಟಿಲುಗಳ ನಡುವೆ ಹೆಚ್ಚಿಗೆ ಕಾಲು ಪರ್ಸೆಂಟ್ ಬಡ್ಡಿ ಸಿಕ್ಕರೂ ಲಾಭವಾಗಬಹುದು, ಕೆಳಗಿನ ಮೆಟ್ಟಿಲುಗಳ ನಡುವೆ ಮೂರು ಪರ್ಸೆಂಟ್ ಸಿಕ್ಕರೂ ಸಾಲದೆ ಹೋಗಬಹುದು.

ಇಲ್ಲೊಂದು ದೊಡ್ಡ ಎಚ್ಚರಿಕೆ ಇದೆ. ಜಾಗತಿಕ BBBಯೂ ನಮ್ಮ ಫೋನಿನಲ್ಲಿ ಕಾಣುವ BBBಯೂ ಒಂದೇ ಅಲ್ಲ. ಜಾಗತಿಕ ಅಳತೆಯಲ್ಲಿ ಭಾರತ ಸರ್ಕಾರಕ್ಕೇ ಎಸ್ ಆ್ಯಂಡ್ ಪಿ ಹಲವು ವರ್ಷ ಕೊಟ್ಟಿದ್ದದ್ದು BBB-. 2025ರ ಆಗಸ್ಟ್‌ನಲ್ಲಿ ಅದನ್ನು BBBಗೆ ಏರಿಸಿತು. ನಮ್ಮ ಏಜೆನ್ಸಿಗಳು ಬಳಸುವುದು ದೇಶದೊಳಗಿನ ಅಳತೆ. ಇಲ್ಲಿ ಸರ್ಕಾರದ ಸಾಲವನ್ನು ಎಲ್ಲಕ್ಕಿಂತ ಸುರಕ್ಷಿತ ಎಂದು ಮೇಲಿಟ್ಟು, ಉಳಿದವರನ್ನು ಅದರ ಕೆಳಗೆ ಸಾಲಾಗಿ ನಿಲ್ಲಿಸುತ್ತಾರೆ. ಹಾಗಾಗಿ ಜಾಗತಿಕ ಅಳತೆಯಲ್ಲಿ BBB- ಇರುವ ಭಾರತೀಯ ಕಂಪನಿ ಇಲ್ಲಿ AAA ಇರಬಹುದು. ಇಲ್ಲಿ BBB ಇರುವ ಕಂಪನಿಯನ್ನು ಜಾಗತಿಕ ಅಳತೆಯಲ್ಲಿ ಇಟ್ಟರೆ ಹಲವು ಮೆಟ್ಟಿಲು ಕೆಳಗೆ, ಹೂಡಿಕೆಗೆ ಯೋಗ್ಯ ದರ್ಜೆಯ ಆಚೆಗೆ ಹೋಗುತ್ತದೆ. ಹತ್ತು ಸಾವಿರಕ್ಕೆ 15 ಎಂಬ ಅಂಕಿಯನ್ನು ಭಾವನವರ BBB ಬಾಂಡ್‌ಗೆ ಹಚ್ಚುವಂತಿಲ್ಲ. ಮೇಲಿನ ಸಾಲಿನಿಂದ ಕಲಿಯಬೇಕಾದದ್ದು ಅಂತರಗಳ ಆಕಾರವನ್ನು ಮಾತ್ರ. ಅಂಕಿಗಳಿಗೆ ನಮ್ಮ ಏಜೆನ್ಸಿಗಳ ಪಟ್ಟಿಯನ್ನೇ ನೋಡಬೇಕು.

ಮೂರನೆಯದು: ನಮ್ಮ ಏಜೆನ್ಸಿಯ ಡಿಫಾಲ್ಟ್ ಪಟ್ಟಿ ತೆಗೆದು ಓದುವುದು

ಸೆಬಿ ನಿಯಮದ ಪ್ರಕಾರ ಪ್ರತಿ ಏಜೆನ್ಸಿಯೂ ತನ್ನ ರೇಟಿಂಗ್‌ಗಳಲ್ಲಿ ಎಷ್ಟು ಡಿಫಾಲ್ಟ್ ಆದವು ಎಂಬ ಪಟ್ಟಿಯನ್ನು ತನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು. ಏಜೆನ್ಸಿಯ ಹೆಸರಿನ ಜೊತೆ `default study` ಅಥವಾ `cumulative default rate` ಎಂದು ಹುಡುಕಿದರೆ ಸಿಗುತ್ತದೆ. ಎಡಗಡೆ ಅಕ್ಷರಗಳು, ಮೇಲುಗಡೆ ಒಂದು ವರ್ಷ, ಎರಡು ವರ್ಷ, ಮೂರು ವರ್ಷ ಎಂದು ಇರುತ್ತದೆ.

ನೋಡಬೇಕಾದದ್ದು ನಿಮ್ಮ ಬಾಂಡ್ ಅವಧಿಯ ಕಾಲಂ ಅನ್ನು. ಭಾವನವರ ಬಾಂಡ್ ಮೂರು ವರ್ಷದ್ದು, ಹಾಗಾಗಿ ಮೂರು ವರ್ಷದ ಕಾಲಂ. ಅದರಲ್ಲಿ ಇರುವ ಅಂಕಿಯ ಅರ್ಥ: ಆರಂಭದಲ್ಲಿ ಈ ರೇಟಿಂಗ್ ಇದ್ದ ನೂರು ಕಂಪನಿಗಳಲ್ಲಿ, ಮೂರು ವರ್ಷ ಮುಗಿಯುವುದರೊಳಗೆ ಎಷ್ಟು ಡಿಫಾಲ್ಟ್ ಆದವು. ನಡುವೆ ರೇಟಿಂಗ್ ಇಳಿದು ಆಮೇಲೆ ಮುಳುಗಿದ ಕಂಪನಿಯೂ ಆರಂಭದ ಅಕ್ಷರದ ಲೆಕ್ಕಕ್ಕೇ ಬರುತ್ತದೆ. ಹೀಗೆ ಎಣಿಸುವುದು ಸರಿ, ಏಕೆಂದರೆ ನೀವು ಕೊಂಡದ್ದು ಆರಂಭದ ಅಕ್ಷರವನ್ನು ನೋಡಿ.

ಮೂರು ವರ್ಷದ ಅಂಕಿ ಒಂದು ವರ್ಷದ್ದರ ಮೂರು ಪಟ್ಟೇ ಇರುತ್ತದೆ ಎಂದುಕೊಳ್ಳಬೇಡಿ. ಮೇಲಿನ ದರ್ಜೆಗಳಲ್ಲಿ ಮೊದಲ ವರ್ಷದ ಅಪಾಯ ಬಹಳ ಕಡಿಮೆ, ವರ್ಷ ಕಳೆದಂತೆ ಏರುತ್ತದೆ. ಗಟ್ಟಿ ಕಂಪನಿ ಕೆಡಲು ಸಮಯ ಬೇಕು. ಕೆಳಗಿನ ದರ್ಜೆಗಳಲ್ಲಿ ತದ್ವಿರುದ್ಧ. ಮುಳುಗುವವರು ಬೇಗ ಮುಳುಗುತ್ತಾರೆ, ಮೊದಲ ಒಂದೆರಡು ವರ್ಷ ದಾಟಿದವರು ಸುಧಾರಿಸಿಕೊಳ್ಳುತ್ತಾರೆ. ಐದು ವರ್ಷದ AA ಬಾಂಡ್‌ಗೆ ಒಂದು ವರ್ಷದ ಸೊನ್ನೆಯನ್ನು ತೋರಿಸಿ ಯಾರಾದರೂ ಧೈರ್ಯ ಹೇಳಿದರೆ ಈ ವ್ಯತ್ಯಾಸ ನೆನಪಿರಲಿ.

ಪಟ್ಟಿಗೆ ಎರಡು ಮಿತಿ ಇವೆ. ಒಂದು, ಸಾಮಾನ್ಯವಾಗಿ BBB+, BBB, BBB- ಮೂರನ್ನೂ ಒಂದೇ ಸಾಲಿನಲ್ಲಿ ಸೇರಿಸಿರುತ್ತಾರೆ. ಮೈನಸ್ ಇರುವ ಬಾಂಡ್ ಕೊಳ್ಳುವವರು ಆ ಸಾಲಿನ ಅಂಕಿಗಿಂತ ಹೆಚ್ಚು, ಕೆಳಗಿನ ಸಾಲಿಗಿಂತ ಕಡಿಮೆ ಎಂದು ಅಂದಾಜಿಸಬೇಕು. ಇನ್ನೊಂದು, ಇದು ಹಲವು ವರ್ಷಗಳ ಸರಾಸರಿ. ಡಿಫಾಲ್ಟ್‌ಗಳು ವರ್ಷವರ್ಷವೂ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ನಾಲ್ಕು ವರ್ಷ ಏನೂ ಆಗದೆ ಐದನೇ ವರ್ಷ ಒಟ್ಟೊಟ್ಟಿಗೆ ಬರುತ್ತವೆ.

ನಾಲ್ಕನೆಯದು: ಹೆಚ್ಚಿನ ಬಡ್ಡಿ ಎಷ್ಟು ಅಪಾಯವನ್ನು ತಡೆದೀತು?

ಈಗ ಕಾಗದ, ಪೆನ್ನು ತೆಗೆದುಕೊಳ್ಳಿ. ಬೇಕಾದದ್ದು ಮೂರು ಅಂಕಿ: ಸುರಕ್ಷಿತ ಬಾಂಡ್‌ನ ಬಡ್ಡಿ, ನೀವು ಕೊಳ್ಳಬೇಕೆಂದಿರುವ ಬಾಂಡ್‌ನ ಬಡ್ಡಿ, ಮುಳುಗಿದರೆ ನೂರಕ್ಕೆ ಎಷ್ಟು ವಾಪಸ್ ಬಂದೀತು ಎಂಬ ಅಂದಾಜು.

ಮೂರನೆಯದಕ್ಕೆ ನಾನು 30 ಹಿಡಿಯುತ್ತೇನೆ. ದಿವಾಳಿ ಸಂಹಿತೆಯಡಿ ಇತ್ಯರ್ಥವಾದ ಪ್ರಕರಣಗಳಲ್ಲಿ ಸಾಲ ಕೊಟ್ಟವರಿಗೆ ವಾಪಸ್ ಬಂದದ್ದು ಒಪ್ಪಿತ ಬಾಕಿಯ ಮೂರನೇ ಒಂದು ಭಾಗದ ಆಸುಪಾಸು. ಕಾನೂನಿನಲ್ಲಿ 330 ದಿನದ ಗಡುವಿದ್ದರೂ ಪ್ರಕರಣಗಳು ಅದನ್ನು ಮೀರಿ ಎಳೆದಾಡುತ್ತವೆ. ಬಾಂಡ್‌ಗೆ ಅಡಮಾನವೇ ಇಲ್ಲದಿದ್ದರೆ 30 ಕೂಡ ಉದಾರ ಅಂದಾಜು.

ಭಾವನವರ BBB ಬಾಂಡ್: 100 ರೂಪಾಯಿ ಹಾಕಿದರೆ, ಎಲ್ಲ ಸರಿಯಿದ್ದರೆ ವರ್ಷದ ಕೊನೆಗೆ 112. ಮುಳುಗಿದರೆ 30. AAAಯಲ್ಲಿ 107.20. ಎರಡರ ಬಡ್ಡಿ ವ್ಯತ್ಯಾಸ 4.80. ಮುಳುಗಿದಾಗ ಕಳೆದುಕೊಳ್ಳುವುದು 112ರಿಂದ 30 ಕಳೆದರೆ 82. ವ್ಯತ್ಯಾಸವನ್ನು ನಷ್ಟದಿಂದ ಭಾಗಿಸಿ:

```
4.80 / 82 = 0.0585
```

ಅಂದರೆ ವರ್ಷಕ್ಕೆ ನೂರರಲ್ಲಿ ಸುಮಾರು 5.9 ಬಾಂಡ್ ಮುಳುಗಿದರೆ BBBಯೂ AAAಯೂ ಸರಿಸಮ. ಅದಕ್ಕಿಂತ ಕಡಿಮೆ ಮುಳುಗಿದರೆ BBB ಕೊಂಡವರಿಗೆ ಲಾಭ, ಹೆಚ್ಚು ಮುಳುಗಿದರೆ ನಷ್ಟ. ಇದನ್ನು ಸಮತೂಕದ ಅಂಕಿ ಎಂದು ಕರೆಯೋಣ. AA- ಬಾಂಡ್‌ಗೆ ಇದೇ ಲೆಕ್ಕ: ವ್ಯತ್ಯಾಸ 2, ನಷ್ಟ 79.20, ಸಮತೂಕ ಸುಮಾರು 2.5.

ಆದರೆ ತೆರಿಗೆ ಇದೆ. ಬಾಂಡ್ ಬಡ್ಡಿಯನ್ನು ಆದಾಯಕ್ಕೆ ಸೇರಿಸಿ ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಕಟ್ಟಬೇಕು. ಅಸಲು ಮುಳುಗಿದರೆ ಆ ನಷ್ಟವನ್ನು ಬಡ್ಡಿ ಆದಾಯದಿಂದ ಕಳೆದುಕೊಳ್ಳುವ ಅವಕಾಶ ಇಲ್ಲ. ಲಾಭದಲ್ಲಿ ಸರ್ಕಾರಕ್ಕೆ ಪಾಲು, ನಷ್ಟ ಪೂರ್ತಿ ನಿಮ್ಮದು. ಭಾವನವರು 20 ಪರ್ಸೆಂಟ್ ಸ್ಲ್ಯಾಬಿನವರು. ಸೆಸ್ ಬದಿಗಿಟ್ಟರೆ 12 ಆದದ್ದು 9.6, 7.2 ಆದದ್ದು 5.76. ವ್ಯತ್ಯಾಸ 3.84, ನಷ್ಟ 79.60. ಸಮತೂಕ 5.9ರಿಂದ 4.8ಕ್ಕೆ ಇಳಿಯಿತು. ತೆರಿಗೆ ಸ್ಲ್ಯಾಬ್ ಏರಿದಷ್ಟೂ ಕೆಳದರ್ಜೆಯ ಬಾಂಡ್ ಲಾಭದಾಯಕತೆ ಕುಗ್ಗುತ್ತದೆ; ಇದನ್ನು ಮಾರುವವರು ಯಾರೂ ಹೇಳುವುದಿಲ್ಲ.

ಈಗ ಈ 4.8ನ್ನು ಏಜೆನ್ಸಿಯ ಪಟ್ಟಿಯ ಜೊತೆ ಇಡಿ. BBB ಸಾಲಿನಲ್ಲಿ ಮೂರು ವರ್ಷಕ್ಕೆ 5 ಪರ್ಸೆಂಟ್ ಅಂತ ಇದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ವರ್ಷಕ್ಕೆ ಸುಮಾರು 1.7. ಸಮತೂಕ 4.8, ವಾಸ್ತವ 1.7. "ಹಂಗಾದ್ರ ಲಾಭಾನೇ ಆತಲ್ಲ!" ಅಂದರು ಭಾವ. ಸರಾಸರಿಯಲ್ಲಿ ಹೌದು. ಕೆಳದರ್ಜೆಯ ಬಾಂಡ್‌ಗಳನ್ನು ನೂರಾರು ಸಂಖ್ಯೆಯಲ್ಲಿ ಇಟ್ಟುಕೊಂಡವರಿಗೆ ದೀರ್ಘಾವಧಿಯಲ್ಲಿ ಲಾಭವಾಗಿರುವುದು ನಿಜ. ಆದರೆ ಭಾವನವರು ಕೊಳ್ಳಹೊರಟದ್ದು ಒಂದೇ ಬಾಂಡ್, ತೊಡಕು ಅಲ್ಲಿದೆ.

ಐದನೆಯದು: ಸರಾಸರಿ ನಿಮಗೆ ಸಿಗಬೇಕಾದರೆ ಎಷ್ಟು ಬಾಂಡ್ ಬೇಕು

ಹತ್ತು ಲಕ್ಷವನ್ನೂ ಒಂದೇ BBB ಬಾಂಡ್‌ಗೆ ಹಾಕಿದರೆ, AAAಗಿಂತ ಹೆಚ್ಚಿಗೆ ಬರುವುದು ವರ್ಷಕ್ಕೆ 48,000, ಮೂರು ವರ್ಷಕ್ಕೆ 1,44,000. ಮುಳುಗಿದರೆ ಹೋಗುವುದು 7 ಲಕ್ಷ ಅಸಲು. ನೂರರಲ್ಲಿ ತೊಂಬತ್ತೈದು ಸಲ ಒಂದೂವರೆ ಲಕ್ಷದಷ್ಟು ಹೆಚ್ಚು, ಐದು ಸಲ ನಿವೃತ್ತಿ ಹಣದ ಬಹುಪಾಲು ಇಲ್ಲ. ಇಲ್ಲಿ "ಸರಾಸರಿ ಲಾಭ" ಎಂಬುದು ಯಾರಿಗೂ ಸಿಗುವ ಫಲಿತಾಂಶವಲ್ಲ.

ಅದೇ ಹತ್ತು ಲಕ್ಷವನ್ನು ಹತ್ತು ಬೇರೆಬೇರೆ BBB ಬಾಂಡ್‌ಗೆ ಒಂದೊಂದು ಲಕ್ಷ ಹಾಕಿದರೆ ಚಿತ್ರ ಬದಲಾಗುತ್ತದೆ. ಮೂರು ವರ್ಷದಲ್ಲಿ ಹತ್ತರಲ್ಲಿ ಒಂದಾದರೂ ಮುಳುಗುವ ಸಂಭವ ಹೀಗೆ:

```
1 - 0.95^10 = 0.40
```

ನೂರಕ್ಕೆ ನಲವತ್ತು! ಒಂದರಲ್ಲಿ ಐದೇ ಇದ್ದದ್ದು ಹತ್ತರಲ್ಲಿ ನಲವತ್ತು ಆಯಿತು. ಗಾಬರಿ ಬೇಡ, ಏಕೆಂದರೆ ಒಂದು ಮುಳುಗಿದರೆ ಆಗುವ ನಷ್ಟ ಈಗ ಚಿಕ್ಕದು. ತೆರಿಗೆ ಬಿಟ್ಟು ಲೆಕ್ಕ ಹಾಕೋಣ, ಆರಂಭದಲ್ಲೇ ಮುಳುಗಿತು ಎಂದು ಕೆಟ್ಟದ್ದನ್ನೇ ಹಿಡಿಯೋಣ. ಉಳಿದ ಒಂಬತ್ತು ಬಾಂಡ್ ಮೂರು ವರ್ಷದಲ್ಲಿ AAAಗಿಂತ 1,29,600 ಹೆಚ್ಚು ತರುತ್ತವೆ. ಮುಳುಗಿದ್ದರಲ್ಲಿ 70,000 ಅಸಲು, ಜೊತೆಗೆ AAAಯಲ್ಲಿ ಸಿಗಬಹುದಿದ್ದ 21,600 ಬಡ್ಡಿ ಹೋಯಿತು. ಕೂಡಿ ಕಳೆದರೆ ಇನ್ನೂ 38,000 ಮುಂದೆ ಇದ್ದೀರಿ. ಎರಡು ಮುಳುಗಿದರೆ? ಎಂಟು ಬಾಂಡ್ ತರುವ ಹೆಚ್ಚಳ 1,15,200, ನಷ್ಟ 1,83,200. AAAಗಿಂತ 68,000 ಹಿಂದೆ. ಹತ್ತರಲ್ಲಿ ಒಂದನ್ನು ತಡೆಯಬಹುದು, ಎರಡನ್ನು ತಡೆಯಲಾಗದು. ಎರಡು ಅಥವಾ ಹೆಚ್ಚು ಮುಳುಗುವ ಸಂಭವ ನೂರಕ್ಕೆ ಸುಮಾರು ಒಂಬತ್ತು.

ಈ ಒಂಬತ್ತು ಸರಿಯಾಗುವುದು ಒಂದು ಷರತ್ತಿನ ಮೇಲೆ: ಹತ್ತೂ ಕಂಪನಿಗಳ ಕಷ್ಟಕ್ಕೆ ಕಾರಣ ಬೇರೆಬೇರೆ ಆಗಿರಬೇಕು. ಫೋನಿನಲ್ಲಿ ಸಿಗುವ 11-12 ಪರ್ಸೆಂಟ್ ಬಾಂಡ್‌ಗಳಲ್ಲಿ ಬಹುಪಾಲು ಎನ್‌ಬಿಎಫ್‌ಸಿಗಳದ್ದು, ಅದರಲ್ಲೂ ಮೈಕ್ರೋಫೈನಾನ್ಸ್, ಚಿನ್ನದ ಸಾಲ, ಸಣ್ಣ ವ್ಯಾಪಾರದ ಸಾಲ ಕೊಡುವವು. ಹೆಸರು ಹತ್ತು, ದಂಧೆ ಒಂದೇ.

ಇದರ ಅರ್ಥ ಏನೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳದ ವಿರುದ್ಧ ರಾಜ್ಯದಾದ್ಯಂತ ದನಿ ಎದ್ದು, ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲ ಪಡೆದ ಹೆಣ್ಣುಮಕ್ಕಳಿಗೆ ಅದು ಬೇಕಿದ್ದ ರಕ್ಷಣೆ, ಆ ಬಗ್ಗೆ ನನಗೆ ಅನುಮಾನವಿಲ್ಲ. ಅದೇ ಹೊತ್ತಿಗೆ ಕರ್ನಾಟಕದಲ್ಲಿ ಈ ಕಂಪನಿಗಳ ಕಂತು ವಸೂಲಿ ಕುಂಟಿತು. ಒಂದು ಕಂಪನಿಯ ಕಂತು ನಿಂತ ಊರಿನಲ್ಲಿ ಇನ್ನೊಂದು ಕಂಪನಿಯದೂ ನಿಲ್ಲುತ್ತದೆ, ಏಕೆಂದರೆ ಹಲವು ಮನೆಗಳಲ್ಲಿ ಸಾಲ ಎರಡು ಮೂರು ಕಡೆಯದು. ಹತ್ತು ಮೈಕ್ರೋಫೈನಾನ್ಸ್ ಬಾಂಡ್ ಇಟ್ಟುಕೊಂಡವರಿಗೆ ಮೇಲಿನ ಒಂಬತ್ತು ಎಂಬ ಅಂಕಿ ಲೆಕ್ಕಕ್ಕೆ ಬರುವುದಿಲ್ಲ. ಅವರ ಬಳಿ ಇರುವುದು ಹೆಚ್ಚುಕಡಿಮೆ ಒಂದೇ ಬಾಂಡ್.

ಆರನೆಯದು: ರೇಟಿಂಗ್ ಕಾಗದವನ್ನು ಓದುವುದು

ಇಷ್ಟಾದ ಮೇಲೂ ಆಸಕ್ತಿ ಇದ್ದರೆ, ಏಜೆನ್ಸಿ ಆ ಕಂಪನಿಯ ಬಗ್ಗೆ ಬರೆದ `Rating Rationale` ಓದಿ. ಏಜೆನ್ಸಿಯ ವೆಬ್‌ಸೈಟಿನಲ್ಲಿ ಕಂಪನಿ ಹೆಸರು ಹಾಕಿದರೆ ಉಚಿತವಾಗಿ ಸಿಗುತ್ತದೆ. ನಾನೂ ಭಾವನವರೂ ಆ BBB ಕಂಪನಿಯದನ್ನು ತೆರೆದು ಕೂತೆವು. ಎಂಟು ಪುಟವಿತ್ತು, ಓದಿದ ಕ್ರಮ ಹೀಗೆ.

ಮೊದಲು ಕೊನೆಯ ಪುಟದ ಅನುಬಂಧ. ಅಲ್ಲಿ ಪ್ರತಿ ಬಾಂಡ್‌ನ ISIN ಇರುತ್ತದೆ, ಹನ್ನೆರಡು ಅಕ್ಷರ-ಅಂಕಿಗಳ ಗುರುತು, ಕಂಪನಿ ಬಾಂಡ್‌ಗಳದ್ದು ಸಾಮಾನ್ಯವಾಗಿ INE ಎಂದು ಶುರು. ಫೋನಿನಲ್ಲಿ ಕಂಡ ಗುರುತು ಇಲ್ಲಿದೆಯೇ ನೋಡಿ. ಒಂದೇ ಕಂಪನಿಯ ಅಡಮಾನವಿರುವ ಬಾಂಡ್‌ಗೆ ಒಂದು ರೇಟಿಂಗ್, ಎಲ್ಲರ ನಂತರ ಹಣ ಸಿಗುವ ಬಾಂಡ್‌ಗೆ ಇನ್ನೊಂದು ರೇಟಿಂಗ್ ಇರಬಹುದು. ಅಕ್ಷರದ ಬಾಲದಲ್ಲಿ `(CE)` ಇದ್ದರೆ ಅದು ಕಂಪನಿಯ ಸ್ವಂತ ಬಲವಲ್ಲ, ಬೇರೊಬ್ಬರ ಖಾತರಿಯ ಬಲ. ಆ ಖಾತರಿ ಕೊಟ್ಟವರ ರೇಟಿಂಗ್ ಬಿದ್ದರೆ ಇದೂ ಬೀಳುತ್ತದೆ. `Issuer Not Cooperating` ಎಂದಿದ್ದರೆ ಕಂಪನಿ ಮಾಹಿತಿ ಕೊಡುವುದನ್ನೇ ನಿಲ್ಲಿಸಿದೆ ಎಂದರ್ಥ. ಅಂಥದ್ದನ್ನು ಮುಂದೆ ಓದುವ ಅಗತ್ಯವೇ ಇಲ್ಲ, ಕೈಬಿಡಿ.

ಆಮೇಲೆ ಔಟ್‌ಲುಕ್. `Stable`, `Positive`, `Negative` ಎಂದು ಅಕ್ಷರದ ಪಕ್ಕದಲ್ಲೇ ಇರುತ್ತದೆ. `BBB/Negative` ಇದ್ದದ್ದನ್ನು ನಾನು BBB- ಎಂದೇ ಓದುತ್ತೇನೆ.

ಮೂರನೆಯದು `Liquidity` ಎಂಬ ಭಾಗ. ದ್ರವ್ಯತೆಯನ್ನು ಏಜೆನ್ಸಿಗಳು `Strong`, `Adequate`, `Stretched`, `Poor` ಎಂದು ಬಿಡಿಸಿ ಹೇಳಬೇಕೆಂದು ಸೆಬಿ ನಿಯಮವಿದೆ. ಮುಂದಿನ ಒಂದು ವರ್ಷದಲ್ಲಿ ಕಟ್ಟಬೇಕಾದ ಕಂತೆಷ್ಟು, ಕೈಯಲ್ಲಿರುವ ಹಣವೆಷ್ಟು ಎಂಬುದು ಅಲ್ಲಿರುತ್ತದೆ. ಕಂಪನಿ ಡಿಫಾಲ್ಟ್ ಆಗುವುದು ನಷ್ಟವಾದ ದಿನ ಅಲ್ಲ, ಕಂತಿನ ದಿನ ಕೈಯಲ್ಲಿ ಹಣ ಇಲ್ಲದಾಗ. ಹಾಗಾಗಿ ಇಡೀ ಕಾಗದದಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನೇ ಓದಿ.

ನಾಲ್ಕನೆಯದು `Rating Sensitivities`. ಏನಾದರೆ ರೇಟಿಂಗ್ ಇಳಿಸುತ್ತೇವೆ ಎಂದು ಏಜೆನ್ಸಿ ಮೊದಲೇ ಹೇಳಿರುತ್ತದೆ. ಭಾವನವರ ಕಂಪನಿಯದರಲ್ಲಿ ಸಾಲ ಸ್ವಂತ ಬಂಡವಾಳದ 4 ಪಟ್ಟು ದಾಟಿದರೆ ಇಳಿಕೆ ಎಂದಿತ್ತು. ಎರಡು ಪುಟ ಹಿಂದಕ್ಕೆ ಹೋಗಿ ನೋಡಿದರೆ ಆಗಿನ ಅಂಕಿ 3.8. ಇಳಿಕೆಯ ಹೊಸ್ತಿಲಲ್ಲೇ ನಿಂತ ಕಂಪನಿ. ಕೊಟ್ಟ ಸಾಲದಲ್ಲಿ ಹತ್ತಿರ ಹತ್ತಿರ ಅರ್ಧ ಕರ್ನಾಟಕದ್ದೇ. ಭಾವನವರು ಕನ್ನಡಕ ತೆಗೆದು, "ಇದು ನಮ್ಮ ಹರಿಹರ, ಹೊನ್ನಾಳಿ ಸಂಘದವ್ರ ಸಾಲಾನೇ ಅಲ್ವೇನಪಾ?" ಅಂದರು. ಅದೇ ಸಾಲ.

BBBಯಿಂದ ಒಂದು ಇಳಿದರೆ BBB-, ಇನ್ನೊಂದು ಇಳಿದರೆ BB+. ಡಿಫಾಲ್ಟ್ ಸಂಭವದಲ್ಲಿ BBB- ಮತ್ತು BB+ ನಡುವೆ ಪಾತಾಳವೇನೂ ಇಲ್ಲ. ಪರಿಣಾಮದಲ್ಲಿ ಇದೆ. ಹೂಡಿಕೆಗೆ ಯೋಗ್ಯ ದರ್ಜೆಯ ಕೆಳಗಿನದನ್ನು ಕೊಳ್ಳಬಾರದೆಂದು ಅನೇಕ ಸಂಸ್ಥೆಗಳಿಗೆ ನಿರ್ಬಂಧವಿದೆ. ಕಂಪನಿ ಪಡೆದ ಸಾಲಗಳ ಕರಾರಿನಲ್ಲೂ, ರೇಟಿಂಗ್ BBB-ಗಿಂತ ಕೆಳಗಿಳಿದರೆ ಹಣ ಕೂಡಲೇ ವಾಪಸ್ ಕೇಳುವ ಹಕ್ಕು ಇರುವುದು ಸಾಮಾನ್ಯ. ಒಬ್ಬರು ಕೇಳಿದರೆ ಎಲ್ಲರೂ ಕೇಳುತ್ತಾರೆ. ಎನ್‌ಬಿಎಫ್‌ಸಿ ಬದುಕುವುದೇ ಹಳೆ ಸಾಲ ತೀರಿಸಲು ಹೊಸ ಸಾಲ ಸಿಗುವುದರ ಮೇಲೆ. ರೇಟಿಂಗ್ ಇಳಿಕೆಯೇ ಡಿಫಾಲ್ಟ್‌ಗೆ ಕಾರಣವಾಗಿಬಿಡಬಹುದು.

ಏಳನೆಯದು: ಕೊಂಡ ಮೇಲೆ ನೋಡುತ್ತಿರಬೇಕಾದದ್ದು

ಅಕ್ಷರ ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಯುತ್ತದೆ, ನಮಗೆ ಸಮಯ ಸಿಗುತ್ತದೆ ಎಂದು ನಂಬಬೇಡಿ. ಐಎಲ್ ಆ್ಯಂಡ್ ಎಫ್‌ಎಸ್ 2018ರ ಆಗಸ್ಟ್ ಆರಂಭದವರೆಗೆ AAA ಇತ್ತು, ಸೆಪ್ಟೆಂಬರ್ ಮುಗಿಯುವುದರೊಳಗೆ D. ಡಿಎಚ್‌ಎಫ್‌ಎಲ್ 2019ರ ಜನವರಿಯಲ್ಲಿ AAA, ಜೂನ್‌ನಲ್ಲಿ D. ರೇಟಿಂಗ್ ಶುಲ್ಕ ಕೊಡುವುದು ರೇಟಿಂಗ್ ಪಡೆಯುವ ಕಂಪನಿಯೇ ಎಂಬುದನ್ನೂ ಮರೆಯಬಾರದು.

ಈ ಎರಡೂ ಹಣಕಾಸು ಕಂಪನಿಗಳು, ಎರಡರದ್ದೂ ಸಾಲ ಹೊಸ ಸಾಲದಿಂದ ತೀರುವಂಥದ್ದು. ಕಾರ್ಖಾನೆ ನಿಧಾನವಾಗಿ ಕೆಡುತ್ತದೆ. ಸಾಲ ಕೊಡುವ ಕಂಪನಿಗೆ ಪೇಟೆಯಲ್ಲಿ ನಂಬಿಕೆ ಹೋದರೆ ವಾರಗಳೇ ಸಾಕು. ಅದಕ್ಕೇ ಒಂದೇ ಅಕ್ಷರವಿದ್ದರೂ ಹಣಕಾಸು ಕಂಪನಿಗೆ ನಾನು ಒಂದು ಮೆಟ್ಟಿಲು ಕಡಿಮೆ ಹಿಡಿಯುತ್ತೇನೆ.

ಅಕ್ಷರಕ್ಕಿಂತ ಮೊದಲು ಸುಳಿವು ಕೊಡುವುದು ಬೆಲೆ. ಒಂದು ಬಾಂಡ್‌ಗೆ AA- ರೇಟಿಂಗ್ ಇದ್ದು, ಅದೇ ದರ್ಜೆಯ, ಅದೇ ಅವಧಿಯ ಬೇರೆ ಬಾಂಡ್‌ಗಳು 9 ಪರ್ಸೆಂಟ್ ಆಸುಪಾಸಿನಲ್ಲಿರುವಾಗ ಇದೊಂದು 10.8ಕ್ಕೆ ಸಿಗುತ್ತಿದ್ದರೆ, ಪೇಟೆಯವರು ಅದನ್ನು ಆಗಲೇ A ದರ್ಜೆಗೆ ಇಳಿಸಿಟ್ಟಿದ್ದಾರೆ. ಅಗ್ಗಕ್ಕೆ ಸಿಕ್ಕಿತು ಎಂದು ಹಿಗ್ಗುವ ಬದಲು, ಅದನ್ನು A ಎಂದೇ ಇಟ್ಟುಕೊಂಡು ನಾಲ್ಕನೇ ಹಂತದ ಲೆಕ್ಕವನ್ನು ಮತ್ತೆ ಹಾಕಿ. ಎನ್‌ಎಸ್‌ಡಿಎಲ್‌ನ `indiabondinfo.nsdl.com` ತಾಣದಲ್ಲಿ ISIN ಹಾಕಿ ಬಾಂಡ್ ವಿವರ ನೋಡಬಹುದು. ಮೂರು ತಿಂಗಳಿಗೊಮ್ಮೆ ಕಂಪನಿಯ ಹೆಸರನ್ನು ಏಜೆನ್ಸಿಯ ತಾಣದಲ್ಲಿ ಹಾಕಿ ಔಟ್‌ಲುಕ್ ಬದಲಾಯಿತೇ ನೋಡುವುದು ಐದು ನಿಮಿಷದ ಕೆಲಸ.

ಬದಲಾದರೆ ಮಾರುವುದೇ? ಮಾರಲು ಕೊಳ್ಳುವವರು ಬೇಕು. BBB ದರ್ಜೆಯ ಬಾಂಡ್‌ಗೆ ಕೆಟ್ಟ ಸುದ್ದಿ ಬಂದ ದಿನ ಕೊಳ್ಳುವವರು ಸಿಗುವುದು ಅಪರೂಪ, ಸಿಕ್ಕರೂ ಬೆಲೆ ಕಡಿತ ಜೋರು. ಹಾಗಾಗಿ ಕೆಳದರ್ಜೆಯದಕ್ಕೆ ಹಾಕುವ ಹಣ ಅವಧಿ ಮುಗಿಯುವವರೆಗೆ ಬೇಕಾಗದ ಹಣವೇ ಆಗಿರಬೇಕು. ಕೊಳ್ಳುವಾಗ ಮಾಹಿತಿ ಪತ್ರದಲ್ಲಿ ರೇಟಿಂಗ್ ಇಳಿದರೆ ಬಡ್ಡಿ ಏರುತ್ತದೆಯೇ, ಅವಧಿಗೆ ಮುನ್ನ ಹಣ ವಾಪಸ್ ಕೇಳುವ ಹಕ್ಕು ಇದೆಯೇ ನೋಡಿ. ಇದ್ದರೆ ಅದರ ಗಡುವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಕಂತು ತಪ್ಪಿಯೇ ಬಿಟ್ಟರೆ ಮೊದಲು ಸಂಪರ್ಕಿಸಬೇಕಾದದ್ದು ಡಿಬೆಂಚರ್ ಟ್ರಸ್ಟಿಯನ್ನು. ಬಾಂಡ್‌ದಾರರ ಪರವಾಗಿ ಅಡಮಾನ ಹಿಡಿದಿರುವವರು, ಮೊಕದ್ದಮೆ ಹೂಡುವವರು ಅವರೇ. ಹೆಸರು, ಇಮೇಲ್ ಮಾಹಿತಿ ಪತ್ರದಲ್ಲಿ ಇರುತ್ತದೆ. ಮುಂದಿನ ಕ್ರಮಕ್ಕೆ ಒಪ್ಪಿಗೆ ಕೇಳಿ ಅವರಿಂದ ಪತ್ರ ಬರುತ್ತದೆ, ಮತ ಹಾಕಬೇಕು. ಡಿಮ್ಯಾಟ್ ಖಾತೆಯಲ್ಲಿ ಹಳೆಯ ಇಮೇಲ್, ಹಳೆಯ ಫೋನ್ ನಂಬರ್ ಇದ್ದವರಿಗೆ ಆ ಪತ್ರ ಮುಟ್ಟುವುದೇ ಇಲ್ಲ. ದೂರು ಕೊಡಬೇಕಾದರೆ ಸೆಬಿಯ `SCORES` ತಾಣವಿದೆ.

ಭಾವನವರು ಕೊನೆಗೆ 7 ಲಕ್ಷವನ್ನು AAAಗೆ ಹಾಕಿದರು. 2 ಲಕ್ಷವನ್ನು AA ದರ್ಜೆಯ ಎರಡು ಬಾಂಡ್‌ಗೆ ಹಂಚಿದರು. ಒಂದು ಹಣಕಾಸು ಕಂಪನಿಯದು, ಇನ್ನೊಂದು ವಿದ್ಯುತ್ ಕ್ಷೇತ್ರದ್ದು. ಆ 12 ಪರ್ಸೆಂಟ್ ಬಾಂಡ್ ಬೇಡವೆಂದರು. ಉಳಿದ 1 ಲಕ್ಷ ಬ್ಯಾಂಕಿನಲ್ಲಿದೆ. ಮುಖಬೆಲೆ 10,000 ಇರುವ, ದಂಧೆ ಬೇರೆಬೇರೆ ಇರುವ BBB+ ಬಾಂಡ್ ಹತ್ತು ಸಿಕ್ಕಿದರೆ ಕೊಳ್ಳುತ್ತೇನೆ ಅನ್ನುತ್ತಾರೆ. ಈವರೆಗೆ ಅವರ ಪಟ್ಟಿಗೆ ಬಂದಿರುವುದು ನಾಲ್ಕು.